ಫೋಟೋದೊಳಗೆ ವಾಲಿದ ಗೋಡೆ

ಅಪ್ಪನ ಮುಖ ವಿಶಾಖಾಳ ಫೋನಿಗೆ ಮೊದಲು ಬಂದದ್ದು ಸ್ಟಿಕ್ಕರ್ ಆಗಿ.

ವಿಜಯಪುರ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಮಧ್ಯಾಹ್ನ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕೂತಿದ್ದಳು. ಟಿಕೋಟಾದ ಸಾಲಿಯಲ್ಲಿ ಜೊತೆಗೆ ಓದಿದವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಹಿಂದೊಬ್ಬರು ನಗುವ ಗೊಂಬೆಗಳನ್ನು ಹಾಕುತ್ತಿದ್ದರು. ಏನು ಅಂತ ಮೇಲಕ್ಕೆ ಸರಿಸಿ ನೋಡಿದಳು. ಒಬ್ಬ ಮುದುಕ. ತಲೆ ಯಾರೋ ಹಿಡಿದು ಪಕ್ಕಕ್ಕೆ ಎಳೆದಂತೆ ಹಿಗ್ಗಿತ್ತು. ಒಂದು ಕಿವಿ ಅಂಗೈಯಷ್ಟು ಅಗಲ, ಗಲ್ಲ ಜೋತುಬಿದ್ದು ಓರೆ, ಒಂದು ಭುಜ ಇನ್ನೊಂದರ ಎರಡರಷ್ಟು. ಕೆಳಗೆ ಹಳದಿ ಅಕ್ಷರದಲ್ಲಿ ಬರೆದಿತ್ತು: "ಗೌಂಡಿ ಸೊಟ್ಟ, ಗ್ವಾಡಿನೂ ಸೊಟ್ಟ."

ಮುಖ ನೋಡಿ ಗುರುತು ಸಿಗಲಿಲ್ಲ. ರುಮಾಲು ನೋಡಿ ಸಿಕ್ಕಿತು. ನೀಲಿ ಅಂಚಿನ ಆ ರುಮಾಲನ್ನು ಹೋದ ವರ್ಷ ಅವಳೇ ತಂದುಕೊಟ್ಟಿದ್ದಳು.

ಕತ್ತರಿ ಕೆಳಗಿಟ್ಟು ಮನೆಗೆ ಫೋನ್ ಹಚ್ಚಿದಳು. ಅವ್ವ ಸತ್ಯವ್ವ ಎತ್ತಿಕೊಂಡಳು.

"ಅವ್ವಾ, ಅಪ್ಪಂದು ಏನೋ ಫೋಟೋ ಓಡ್ಯಾಡಾಕತ್ತೈತಿ. ಏನಿದು?"

"ನಿನಗೂ ಬಂತಾ? ಹತ್ತು ದಿನದಿಂದ ಊರಾಗೆಲ್ಲ ಅದ. ನಿಮ್ಮಪ್ಪ ಚಾದ ಅಂಗಡಿಗೂ ಹೋಗವಲ್ಲ. ನಿನಗ ಹೇಳಬ್ಯಾಡ ಅಂದಿದ್ದ. ಇವತ್ತ ನೋಟೀಸ್ ಬಂತು ಯವ್ವಾ. ನಮ್ಮ ಹೊಲಿಗಿ ಮನಿ ಕೆಡವ್ತಾರಂತ."

ವಿಶಾಖಾ ಸ್ಟುಡಿಯೋಕ್ಕೆ ಬೀಗ ಹಾಕಿ ಸಿಕ್ಕ ಬಸ್ ಹತ್ತಿದಳು.

ಹೊಲಿಗಿ ಮನೆ ಅಂದರೆ ಟಿಕೋಟಾದ ಅವರ ಓಣಿಯ ಬಾಯಿಯಲ್ಲಿರುವ ಎರಡಂತಸ್ತಿನ ಕಟ್ಟಡ. ಕೆಳಗೆ ಹದಿನಾಲ್ಕು ಹೊಲಿಗೆ ಯಂತ್ರ, ಮೇಲೆ ಮಕ್ಕಳು ಕೂತು ಓದುವ ಕೋಣೆ. ಸತ್ಯವ್ವ ಮತ್ತು ಓಣಿಯ ಇಪ್ಪತ್ತು ಹೆಣ್ಣುಮಕ್ಕಳ ಸಂಘದ್ದು. ಸಾಲಿ ಮಕ್ಕಳ ಅಂಗಿ, ಆಸ್ಪತ್ರೆಯ ಹಾಸಿಗೆ ಹೊದಿಕೆ ಹೊಲಿದು ಕೊಡುತ್ತಾರೆ. ಕಟ್ಟಿದವನು ವಿಶಾಖಾಳ ಅಪ್ಪ ಸಾಬಣ್ಣ. ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವನು. ಹೊನವಾಡ, ಅರಕೇರಿ, ಕಳ್ಳಕವಟಗಿ, ಯಾವ ಊರಿಗೆ ಹೋದರೂ ಅವನು ಎಬ್ಬಿಸಿದ ಗೋಡೆ ಒಂದಾದರೂ ಇದೆ. ಮಂದಿಯ ಮನೆಗಳನ್ನು ಕಟ್ಟಿ ಕಟ್ಟಿ ಮುಪ್ಪಾದ ಮೇಲೆ ತನ್ನವರಿಗೆ ಅಂತ ಕಟ್ಟಿದ್ದು ಅದೊಂದೇ. ಕೂಲಿ ತೊಗೊಂಡಿರಲಿಲ್ಲ.

ಅದರ ಎದುರಿಗೆ, ಓಣಿಯ ಇನ್ನೊಂದು ಮಗ್ಗುಲಿಗೆ, ಶ್ರೀಶೈಲ ಸಾವ್ಕಾರರ ಹೊಸ ಕಾಂಪ್ಲೆಕ್ಸ್. ಹಿಂದೆ ಅವರ ಒಣದ್ರಾಕ್ಷಿ ಗೋದಾಮು. ದೊಡ್ಡ ಲಾರಿ ಓಣಿಯೊಳಗೆ ತಿರುಗುವುದಿಲ್ಲ. ಹೊಲಿಗಿ ಮನೆ ಇರದಿದ್ದರೆ ತಿರುಗುತ್ತದೆ. ಎರಡು ವರ್ಷದಿಂದ ಅವರು ಜಾಗ ಕೇಳುತ್ತಿದ್ದರು, ಹೆಣ್ಣುಮಕ್ಕಳು ಒಲ್ಲೆ ಅನ್ನುತ್ತಿದ್ದರು.

ವಿಶಾಖಾ ಮನೆಗೆ ಬಂದಾಗ ಸಾಬಣ್ಣ ಹಿತ್ತಲ ಬಾಗಿಲಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಮಗಳನ್ನು ನೋಡಿದವನು ಮುಖ ಆ ಕಡೆ ತಿರುಗಿಸಿದ.

"ಅಪ್ಪಾ."

"ಏನ್ ನೋಡಾಕ ಬಂದಿ? ಫೋನಿನಾಗ ನೋಡಿದಿ ಇಲ್ಲ? ಹಂಗ ಅದೇನಿ ನಾ. ಸೊಟ್ಟ."

ಅವಳು ನೋಟೀಸು ಕೈಗೆತ್ತಿಕೊಂಡು ಓದಿದಳು. ಶ್ರೀಶೈಲರ ದೂರು: ಕಟ್ಟಡದ ಗೋಡೆ ರಸ್ತೆಯ ಕಡೆ ವಾಲಿದೆ, ಯಾವಾಗ ಬೇಕಾದರೂ ಬಿದ್ದು ಜೀವಹಾನಿ ಆಗಬಹುದು. ಜೊತೆಗೆ ಬಬಲೇಶ್ವರದ ಖಾಸಗಿ ಇಂಜಿನಿಯರ್ ಮಧ್ವೇಶ ಎಂಬುವರ ಪ್ರಮಾಣಪತ್ರ: ಗೋಡೆ ಅಂದಾಜು ಎಂಟು ಡಿಗ್ರಿ ಹೊರವಾಲಿದ್ದು ವಾಸಕ್ಕೆ ಅಪಾಯಕಾರಿ. ಅದಕ್ಕೆ ಹಚ್ಚಿದ್ದು ಒಂದು ಬಣ್ಣದ ಫೋಟೋ. ಗುರುವಾರ ಹನ್ನೊಂದಕ್ಕೆ ಸ್ಥಳ ಪರಿಶೀಲನೆ. ಕೆಡವಬಾರದು ಅನ್ನುವುದಕ್ಕೆ ಕಾರಣ ಇದ್ದರೆ ಅವತ್ತೇ ಹೇಳಬೇಕು.

ಫೋಟೋದಲ್ಲಿ ಗೋಡೆ ನಿಜಕ್ಕೂ ವಾಲಿತ್ತು. ಈಗ ಬಿದ್ದೀತೇನೋ ಅನ್ನುವಂತೆ ತಲೆ ಓಣಿಯ ಮೇಲೆ ಬಾಗಿಸಿ ನಿಂತಿತ್ತು. ಗೋಡೆಯ ಬುಡದಲ್ಲಿ, ಫೋಟೋದ ಎಡ ಅಂಚಿನಲ್ಲಿ, ಅಪ್ಪ. ಅದೇ ಹಿಗ್ಗಿದ ತಲೆ. ಸ್ಟಿಕ್ಕರ್ ಹುಟ್ಟಿದ್ದು ಇಲ್ಲಿಂದಲೇ.

ನೋಡಿದ ಗಳಿಗೆಯಲ್ಲಿ ಅವಳಿಗೆ ತಿಳಿಯಿತು. ಹನ್ನೆರಡು ವರ್ಷದಿಂದ ಕ್ಯಾಮರಾ ಹಿಡಿದವಳು. ತಿಳಿದದ್ದೇ ತಡ, ಸಿಟ್ಟು ನೆತ್ತಿಗೇರಿತು.

"ಈ ಫೋಟೋ ಯಾರು ಹೊಡದಾರ?"

ಬಾಗಿಲಲ್ಲಿ ನಿಂತಿದ್ದ ತಮ್ಮ ಅಜಿತ ಮೆತ್ತಗೆ ಅಂದ: "ನಾನ ಅಕ್ಕಾ. ಸಂಘಕ್ಕ ಒಂದ ವರ್ಷ ಆದ ದಿನ. ಸ್ಟೇಟಸ್ ಇಟ್ಟಿದ್ದೆ. ನೀನೂ ನೋಡಿದ್ದಿ. ಲೈಕ್ ಮಾಡಿದ್ದಿ."

ಮಾಡಿದ್ದಳು. ಮದುವೆಯೊಂದರ ಗದ್ದಲದಲ್ಲಿ ಕಣ್ಣು ಹಾಯಿಸಿ, ಎಲ್ಲರೂ ಬಂದಿದ್ದಾರೆ ಅಂದುಕೊಂಡು, ಹೆಬ್ಬೆಟ್ಟು ಒತ್ತಿ ಮುಂದೆ ಹೋಗಿದ್ದಳು. ಅದು ನೆನಪಾಗಿ ಇನ್ನಷ್ಟು ಉರಿಯಿತು. ಉರಿ ತಮ್ಮನ ಮೇಲೆಯೇ ಬಿತ್ತು.

"ಪಾಯಿಂಟ್ ಫೈವ್‌ನಾಗ, ಆ ಅಗಲ ಲೆನ್ಸಿನಾಗ ಹೊಡದಿ, ಹೌದಿಲ್ಲೋ? ಎಷ್ಟ ಸಲ ಹೇಳೀನಲೇ ನಿನಗ?"

"ಇಪ್ಪತ್ತೆರಡು ಮಂದಿ ಇದ್ರು ಅಕ್ಕಾ. ಓಣಿ ಸಣ್ಣದು. ಮ್ಯಾಲಿನ ಬೋರ್ಡೂ ಬರಬೇಕಂತ ಅವ್ವ ಅಂದಳು. ಪಾಯಿಂಟ್ ಫೈವ್ ಹಚ್ಚಿದರ ನಿಂತಲ್ಲೇ ಎಲ್ಲಾ ಕೂಡ್ತದ..."

"ಕೂಡ್ತದ! ಅಷ್ಟು ಅಗಲಂದು ಒಂದ ಚಪ್ಪಟಿ ಫೋಟೋದಾಗ ತುರಕಬೇಕಂದ್ರ ಆ ಲೆನ್ಸ್ ಏನ್ ಮಾಡ್ತದ? ನಡುವಿದ್ದವರನ್ನ ಹಂಗ ಬಿಡ್ತದ, ಅಂಚಿನಾಗ ಇದ್ದವರನ್ನ ಹೊರಗ ಎಳೀತದ. ನಡುವ ನಿಂತಾಳ ನೋಡು ಅವ್ವ, ಚಂದ ಕಾಣ್ತಾಳ. ಅಂಚಿನಾಗ ನಿಂತಾನ ನೋಡು ಅಪ್ಪ. ನೀ ಬೋರ್ಡ್ ಬರ್ಲಿ ಅಂತ ಫೋನಿನ ಮಾರಿ ಮ್ಯಾಲೆತ್ತಿದಿ. ಮ್ಯಾಲೆತ್ತಿದರ ಆ ಕಡಿ ಈ ಕಡಿ ಇದ್ದ ಗ್ವಾಡಿಗಳ ತಲಿ ಒಳಗ ಬಾಗ್ತಾವ. ನಿನ್ನ ಹಿಂದ ಓಣಿ ಅಷ್ಟುದ್ದ ಖಾಲಿ ಬಿದ್ದಿತ್ತಲ್ಲ? ನಲವತ್ತ ಹೆಜ್ಜಿ ಹಿಂದ ಸರದಿದ್ರ ಕಾಲು ಸವೀತಿದ್ವೇನು?"

ಅಜಿತನ ಕಣ್ಣು ತುಂಬಿದವು. ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ಇಪ್ಪತ್ತೆಂಟರ ಗಂಡಸು, ಆದರೂ ಅಕ್ಕನ ಮುಂದೆ ಇನ್ನೂ ಸಣ್ಣ ಹುಡುಗ. ಫೋನು ತೆಗೆದು ಅವಳ ಕೈಗೆ ಕೊಟ್ಟ. "ಮೂಲ ಫೋಟೋ ಐತಿ. ಬೈಯೋದು ಮುಗದ ಮ್ಯಾಲ ನೋಡು."

ಅವಳು ನೋಡಿದಳು. ಬೈಗುಳ ಬಾಯಲ್ಲೇ ನಿಂತಿತು.

ನೋಟೀಸಿಗೆ ಹಚ್ಚಿದ ಫೋಟೋ ಇದರ ಅರ್ಧ ಮಾತ್ರ. ಮೂಲದಲ್ಲಿ ಬಲಗಡೆಯೂ ಇತ್ತು. ಬಲ ಅಂಚಿನಲ್ಲಿ ಶ್ರೀಶೈಲರ ಹೊಸ ಕಾಂಪ್ಲೆಕ್ಸ್, ಅದರ ಮುಂದಿನ ಲೈಟಿನ ಕಂಬ. ಎರಡೂ ಎಡಕ್ಕೆ ವಾಲಿದ್ದವು. ಎಡದ ಗೋಡೆ ಎಷ್ಟು ಬಲಕ್ಕೆ ಬಾಗಿತ್ತೋ, ಬಲದ ಕಾಂಪ್ಲೆಕ್ಸ್ ಅಷ್ಟೇ ಎಡಕ್ಕೆ ಬಾಗಿತ್ತು. ಎರಡು ಕಟ್ಟಡಗಳೂ ತಲೆಗೆ ತಲೆ ತಾಗಿಸಲು ಹೊರಟಂತಿದ್ದವು.

"ಯಾರೋ ಬಲಗಡೆದು ಕತ್ತರಿಸ್ಯಾರ," ಅಂದಳು. ಸಿಟ್ಟು ಈಗ ಮನೆಯ ಹೊಸ್ತಿಲು ದಾಟಿ ಹೊರಗೆ ಹೊರಟಿತ್ತು. "ಬೇಕಂತ ಕತ್ತರಿಸ್ಯಾರ."

ಸಾಬಣ್ಣ ಹಿತ್ತಲಿನಿಂದಲೇ ಕೂಗಿದ: "ಎಂಟ್ ಡಿಗ್ರಿ ಅಂದ್ರ ಎಷ್ಟು ಗೊತ್ತೇನು ಅವಗ? ಆ ಗ್ವಾಡಿ ಎತ್ತರ ಇಪ್ಪತ್ತೆರಡು ಫೂಟು. ಎಂಟ್ ಡಿಗ್ರಿ ವಾಲಿದ್ರ ನೆತ್ತಿ ಮೂರು ಫೂಟು ಹೊರಗ ಬರ್ತೈತಿ. ಮೂರು ಫೂಟು ಹೊರಗ ಬಂದ ಗ್ವಾಡಿ ನಿಂತಿರ್ತೈತೇನ್ ಬೇ? ಎಂದೋ ಬೀಳ್ತಿತ್ತು. ಅಷ್ಟೂ ತಿಳೀದಾಂವ ಎಂಥಾ ಇಂಜಿನಿಯರು?"

ಮರುದಿನ ಬೆಳಿಗ್ಗೆ ವಿಶಾಖಾ ಬಬಲೇಶ್ವರಕ್ಕೆ ಹೋದಳು.

ಮಧ್ವೇಶರ ಆಫೀಸು ಸಿಮೆಂಟ್ ಅಂಗಡಿಯ ಮೇಲೆ. ಟೇಬಲ್ಲಿನ ಎರಡೂ ಪಕ್ಕ ಫೈಲುಗಳ ಕಬ್ಬಿಣದ ಕಪಾಟು. ಐವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಗಿರಾಕಿ ಅಂದುಕೊಂಡು ಮೊದಲು ಕುರ್ಚಿ ತೋರಿಸಿದರು. ಅವಳು ನಿಂತೇ ಕೇಳಿದಳು:

"ಸರ್, ಟಿಕೋಟಾದ ಹೊಲಿಗಿ ಮನಿಗೆ ಸರ್ಟಿಫಿಕೇಟ್ ಕೊಟ್ಟೀರಿ. ನೀವು ಅಲ್ಲಿಗೆ ಬಂದಿದ್ರೇನ್ರಿ?"

"ನೀವು ಯಾರು?"

"ಕಟ್ಟಿದ ಗೌಂಡಿ ಮಗಳು. ವಿಜಾಪುರದಾಗ ಫೋಟೋ ಸ್ಟುಡಿಯೋ ಅದ ನಂದು."

"ಬರೂದು ಯಾಕ್ರಿ? ಫೋಟೋದಾಗ ಸ್ವಚ್ಛ ಕಾಣಸ್ತದ. ಕಂಪ್ಯೂಟರಿನ್ಯಾಗ ಗೆರಿ ಹಾಕಿ ಕೋನಾ ಅಳದೀನಿ. ಎಂಟು ಡಿಗ್ರಿ ಅದ."

"ನೀವು ಗ್ವಾಡಿ ಅಳದಿಲ್ರಿ. ಫೋಟೋ ಅಳದೀರಿ."

"ಎರಡೂ ಒಂದ."

ಅವಳು ಫೋನು ತೆಗೆದಳು. "ಒಂದ ನಿಮಿಷ ಹಂಗ ಕೂಡ್ರಿ ಸರ್." ಬಾಗಿಲ ಹತ್ತಿರ ಸರಿದು, ಪಾಯಿಂಟ್ ಫೈವ್ ಹಚ್ಚಿ, ಅವರನ್ನೂ ಎಡಗಡೆಯ ಕಪಾಟನ್ನೂ ಅಂಚಿಗೆ ಬರುವಂತೆ ಹಿಡಿದು, ಫೋನಿನ ಮುಖ ಸೂರಿನ ಕಡೆ ಎತ್ತಿ ಒತ್ತಿದಳು. ಅವರ ಮುಂದೆ ಹಿಡಿದಳು.

ಚಿತ್ರದಲ್ಲಿ ಮಧ್ವೇಶರ ತಲೆ ಪಕ್ಕಕ್ಕೆ ಹಿಗ್ಗಿತ್ತು. ಕನ್ನಡಕದ ಒಂದು ಗಾಜು ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಕಬ್ಬಿಣದ ಕಪಾಟು ಅವರ ಮೈಮೇಲೆ ಬೀಳುವಂತೆ ವಾಲಿತ್ತು.

"ಅಳೀರಿ ಸರ್. ನಿಮ್ಮ ಕಪಾಟು ಎಷ್ಟು ಡಿಗ್ರಿ ಅದ ಅಳೀರಿ. ಎಂಟಕ್ಕಿಂತ ಜಾಸ್ತಿ ಬಂದ್ರ ಅದಕ್ಕೂ ಒಂದ ಸರ್ಟಿಫಿಕೇಟ್ ಬರ್ಕೊಳ್ರಿ. ಆ ಮ್ಯಾಲ ನಿಮ್ಮ ತಲೀನೂ ಅಳೀರಿ."

ಮಧ್ವೇಶರ ಮುಖ ಕೆಂಪಾಯಿತು. ಒಂದು ಕ್ಷಣ ಅವರು ಚಿತ್ರವನ್ನೂ ಕಪಾಟನ್ನೂ ತಿರುತಿರುಗಿ ನೋಡಿದ್ದು ವಿಶಾಖಾಳ ಕಣ್ಣಿಗೆ ಬಿತ್ತು. ತಿಳಿದಿತ್ತು ಅವರಿಗೆ. ತಿಳಿದೂ ದನಿ ಏರಿಸಿದರು.

"ಡಿಲೀಟ್ ಮಾಡ್ರಿ ಮೊದಲ. ಆಫೀಸಿಗೆ ಬಂದು ಹಿಂಗ ಮಾತಾಡೂದು ಅಂದ್ರೇನು?"

"ನಂದೂ ಅದ ಮಾತು ಸರ್. ಇಂಥದ ಒಂದ ಫೋಟೋ ನೋಡಿ ನಮ್ಮಪ್ಪನ ನಲವತ್ತ ವರ್ಷದ ಕೆಲಸಕ್ಕ ಸೊಟ್ಟ ಅಂತ ಬರದಿರಿ. ಇಪ್ಪತ್ತೆರಡು ಫೂಟಿನ ಗ್ವಾಡಿ ಎಂಟು ಡಿಗ್ರಿ ವಾಲಿದ್ರ ಮೂರು ಫೂಟು ಹೊರಗ ಬರ್ತದ, ನಿಂದ್ರೂದಿಲ್ಲ ಅಂತಾನ ನಮ್ಮಪ್ಪ. ಸಾಲಿ ಕಲೀದಾಂವ."

"ಗೌಂಡಿ ಮಾತು ಇಂಜಿನಿಯರಿಂಗ್ ಅಲ್ಲ. ಏನಿದ್ರೂ ಗುರುವಾರ ಬಂದವರ ಮುಂದ ಹೇಳ್ರಿ. ನಡೀರಿ."

ಅವಳು ದಡದಡ ಮೆಟ್ಟಿಲಿಳಿದಳು. 'ಗೌಂಡಿ ಮಾತು' ಅನ್ನುವುದನ್ನು ಆ ಮನುಷ್ಯ ಎಷ್ಟು ಸಲೀಸಾಗಿ ಅಂದಿದ್ದ. ಕೆಳಗೆ ಸಿಮೆಂಟ್ ಅಂಗಡಿಯಲ್ಲಿ ಇಬ್ಬರು ಗೌಂಡಿಗಳು ಚೀಲ ಎತ್ತಿಸುತ್ತಿದ್ದರು. ಮೇಲೆ ಕೂತವರ ಆಫೀಸಿನ ಗೋಡೆಯನ್ನು ಯಾರೋ ಇಂಥವರೇ ಕಟ್ಟಿರಬೇಕು.

ಗುರುವಾರ ಹನ್ನೊಂದಕ್ಕೆ ಓಣಿ ತುಂಬಿತ್ತು. ಯಂತ್ರ ನಿಲ್ಲಿಸಿ ಹೆಣ್ಣುಮಕ್ಕಳೆಲ್ಲ ಹೊರಗೆ ಬಂದಿದ್ದರು. ನೋಟೀಸು ಕಳಿಸಿದ ಕಚೇರಿಯಿಂದ ಬಂದವರು ಶರ್ವರಿ ಎಂಬ ಇಂಜಿನಿಯರು, ಮೂವತ್ತರ ಒಳಗಿನ ಹೆಣ್ಣುಮಗಳು. ಹೆಗಲಿಗೆ ಚೀಲ, ಕೈಯಲ್ಲಿ ಫೈಲು. ಶ್ರೀಶೈಲರು ತಮ್ಮ ಕಾಂಪ್ಲೆಕ್ಸಿನ ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದರು. ಮಧ್ವೇಶರೂ ಬಂದಿದ್ದರು, ಆದರೆ ವಿಶಾಖಾಳ ಕಡೆ ನೋಡಲಿಲ್ಲ.

ಸಾಬಣ್ಣ ಯಾರು ಕರೆಯುವ ಮೊದಲೇ ಮಾಳಿಗೆ ಹತ್ತಿದ್ದ. ಮೇಲಿನಿಂದ ಒಂದು ಮೊಳೆಗೆ ದಾರ ಸುತ್ತಿ, ತುದಿಗೆ ತೂಕದ ಗುಂಡು ಕಟ್ಟಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ಕೆಳಗೆ ಶರ್ವರಿ ಟೇಪು ಹಿಡಿದರು. ನಾಲ್ಕು ಇಂಚು. ನಡುವಿನ ಕಿಟಕಿಯಿಂದ ಅಜಿತ ಅಳೆದ. ಒಂದು ನೂಲು ಕಡಿಮೆ, ಅಂದರೆ ಇಂಚಿನ ಎಂಟನೆಯ ಒಂದು ಪಾಲು.

"ಅವರದ ದಾರ, ಅವರದ ಗುಂಡು, ಅವರ ಮಗನ ಕೈ," ಅಂದರು ಶ್ರೀಶೈಲರು. "ಇದಕ್ಕ ಪರಿಶೀಲನೆ ಅಂತಾರೇನ್ರಿ ಮೇಡಂ?"

ಶರ್ವರಿ ತಮ್ಮ ಚೀಲದಿಂದ ತಮ್ಮದೇ ಗುಂಡು ತೆಗೆದು, ತಾವೇ ಮಾಳಿಗೆ ಹತ್ತಿ, ಮೂರು ಕಡೆ ಇಳಿಬಿಟ್ಟರು. ಮೂರು ಕಡೆಯೂ ಮೇಲೆ ಕೆಳಗೆ ಅಂತರ ಸಮ. ಕೆಳಗಿಳಿದು ಫೈಲಿನೊಳಗಿನ ಫೋಟೋ ತೆಗೆದು ಗೋಡೆಗೆ ಎದುರು ಹಿಡಿದರು.

"ಗ್ವಾಡಿ ನೆಟ್ಟಗ ಅದ. ಹಂಗಾದ್ರ ಈ ಫೋಟೋ? ಇದನ್ನ ಕಂಪ್ಯೂಟರಿನಾಗ ಬದಲಿ ಮಾಡ್ಯಾರೇನು?"

"ಇಲ್ರಿ ಮೇಡಂ," ಅಂದಳು ವಿಶಾಖಾ. "ಬದಲಿ ಮಾಡಿಲ್ಲ. ಅದಕ್ಕ ಮಂದಿ ನಂಬ್ತಾರ. ನೀವ ಒಂದ ಫೋಟೋ ಹೊಡೀರಿ. ನಿಮ್ಮದ ಫೋನಿನಾಗ. ಇಲ್ಲೆ ನಿಂದರ್ರಿ, ನನ್ನ ತಮ್ಮ ನಿಂತಲ್ಲೆ."

ಶರ್ವರಿ ನಿಂತರು.

"ಪಾಯಿಂಟ್ ಫೈವ್ ಹಚ್ಚರಿ. ಎಡಕ್ಕ ಹೊಲಿಗಿ ಮನಿ ಬರ್ಲಿ, ಬಲಕ್ಕ ಸಾವ್ಕಾರ್ರ ಕಾಂಪ್ಲೆಕ್ಸ್ ಬರ್ಲಿ. ಈಗ ಬೋರ್ಡ್ ಕಾಣೂಹಂಗ ಫೋನ್ ಮ್ಯಾಲೆತ್ತರಿ. ಹೊಡೀರಿ."

ಹೊಡೆದರು. ನೋಡಿದರು. ಅವರ ಹುಬ್ಬು ಮೇಲೇರಿತು. ಹೆಣ್ಣುಮಕ್ಕಳು ಸುತ್ತ ಮುತ್ತಿದರು. ಎಡದ ಗೋಡೆ ಬಲಕ್ಕೆ, ಬಲದ ಕಾಂಪ್ಲೆಕ್ಸ್ ಎಡಕ್ಕೆ. ಬಲ ಅಂಚಿನಲ್ಲಿ ಕಟ್ಟೆಯ ಮೇಲೆ ನಿಂತಿದ್ದ ಶ್ರೀಶೈಲರ ಹೊಟ್ಟೆ ಹೊರಗೆ ಎಳೆದು ಎರಡು ಮನುಷ್ಯರಷ್ಟಾಗಿತ್ತು, ಮುಖ ಹಲಸಿನ ಕಾಯಿ. ಯಾರೋ ಕಿಸಕ್ಕನೆ ನಕ್ಕರು.

"ನಗಬ್ಯಾಡ್ರಿ!" ವಿಶಾಖಾ ತಿರುಗಿ ಗದರಿದಳು. "ನಮ್ಮಪ್ಪಂದು ನೋಡಿ ಹತ್ತ ದಿನ ನಕ್ಕೀರಿ. ಸಾಕು."

ನಗು ನಿಂತಿತು. ನಕ್ಕವರು ಕೆಲವರು ನೆಲ ನೋಡಿದರು.

"ಈಗ ಹಿಂದ ಬರ್ರಿ ಮೇಡಂ," ಅಂತ ಅವಳು ಶರ್ವರಿಯನ್ನು ಓಣಿಯ ಆ ತುದಿಗೆ ಕರೆದುಕೊಂಡು ಹೋದಳು. ನಲವತ್ತು ಹೆಜ್ಜೆ ಅಲ್ಲ, ಅರವತ್ತು. "ಪಾಯಿಂಟ್ ಫೈವ್ ತಗೀರಿ. ಒಂದಕ್ಕ ತೊಗೊಂಬರ್ರಿ. ಸೆಟ್ಟಿಂಗಿನಾಗ ಗೆರಿ ಅದಾವಲ್ಲ, ಅವನ್ನ ಹಚ್ಚರಿ. ಫೋನ್ ನೆಟ್ಟಗ ಹಿಡೀರಿ, ಕಂಬಕ್ಕ ಸಮ. ಮ್ಯಾಲೂ ಎತ್ತಬ್ಯಾಡ್ರಿ, ಕೆಳಗೂ ಬಗ್ಗಿಸಬ್ಯಾಡ್ರಿ. ನೆಲ ಜಾಸ್ತಿ ಬರ್ತದ, ಬರ್ಲಿ, ಆಮ್ಯಾಲ ಕತ್ತರಿಸಿದ್ರ ಆತು. ಅಂಚಿಗೆ ಮನುಷ್ಯಾರು ಬ್ಯಾಡ, ಎಲ್ಲಾರೂ ನಡುವ ಬರ್ಲಿ. ಈಗ ಹೊಡೀರಿ."

ಈ ಸಲ ಬಂದ ಚಿತ್ರದಲ್ಲಿ ಗೋಡೆ ಗೋಡೆಯ ಹಾಗೆ ನಿಂತಿತ್ತು. ಕಾಂಪ್ಲೆಕ್ಸೂ ನೆಟ್ಟಗೆ, ಕಂಬವೂ ನೆಟ್ಟಗೆ. ಸತ್ಯವ್ವ, ಪಕ್ಕದಲ್ಲಿ ಸಂಘದ ರೇಣವ್ವ, ಮಾಳಿಗೆಯಿಂದ ಇಳಿದು ಬಂದ ಸಾಬಣ್ಣ, ಎಲ್ಲರ ಮುಖ ಅವರವರ ಮುಖದ ಹಾಗೆಯೇ ಇದ್ದವು.

ಶರ್ವರಿ ಎರಡೂ ಚಿತ್ರಗಳನ್ನು ತಿರುತಿರುಗಿ ನೋಡಿದರು. "ನಾನೂ ಎಲ್ಲಾ ತಪಾಸಣೆಗೂ ಪಾಯಿಂಟ್ ಫೈವ್‌ನಾಗ ಹೊಡೀತಿದ್ದೆ," ಅಂದರು ಸಣ್ಣ ದನಿಯಲ್ಲಿ. "ಒಂದ ಫೋಟೋದಾಗ ಎಲ್ಲಾ ಬರ್ತದಂತ."

ಅಜಿತ ಆಗ ತನ್ನ ಫೋನು ಮುಂದೆ ಹಿಡಿದ. "ಇದು ಮೂಲ ಫೋಟೋ ಮೇಡಂ. ಇದರ ಮಾಹಿತಿ ತಗದು ನೋಡ್ರಿ, ಯಾವ ಲೆನ್ಸ್ ಅಂತ ಬರದದ. ವಾಟ್ಸಾಪಿನಾಗ ಹೋದದ್ದರಾಗ ಅದು ಅಳಿಸಿ ಹೋಗಿರ್ತದ. ತಪ್ಪು ನಂದ. ಹೊಡದದ್ದು ನಾನ. ಆದ್ರ ಕತ್ತರಿಸಿದ್ದು ನಾ ಅಲ್ಲ."

ಶರ್ವರಿ ಫೈಲಿನ ಫೋಟೋವನ್ನು ಅದರ ಮೇಲೆ ಇಟ್ಟು ಹೋಲಿಸಿದರು. ಬಲಗಡೆಯ ಕಾಂಪ್ಲೆಕ್ಸ್, ಕಂಬ, ಆ ಕಡೆ ನಿಂತಿದ್ದ ಆರು ಹೆಣ್ಣುಮಕ್ಕಳು, ಎಲ್ಲ ಕತ್ತರಿಸಿ ಹೋಗಿದ್ದವು. ಅವರು ಕಟ್ಟೆಯ ಕಡೆ ತಿರುಗಿದರು.

"ಇದನ್ನ ಯಾರು ಕತ್ತರಿಸ್ಯಾರ್ರಿ?"

"ನನಗ ಫೋನ್ ಗೀನ್ ತಿಳೀದಿಲ್ರಿ," ಅಂದರು ಶ್ರೀಶೈಲರು. "ಯಾರೋ ಕಳಿಸಿದ್ರು, ನಾ ಮುಂದ ಕಳಿಸಿದೆ. ಮಂದಿ ಜೀವಕ್ಕ ಅಪಾಯ ಅಂತ ಅನಸ್ತು. ತಪ್ಪೇನು?"

ಅಲ್ಲಿಯತನಕ ಬಾಯಿ ಬಿಡದಿದ್ದ ಮಧ್ವೇಶರು ಈಗ ಕೆಮ್ಮಿದರು. ಅವರ ಹಣೆಯಲ್ಲಿ ಬೆವರಿತ್ತು. ಪ್ರಮಾಣಪತ್ರದ ಕೆಳಗಿದ್ದದ್ದು ಅವರ ಹೆಸರು, ಅವರೇ ಒತ್ತಿದ ಸಿಕ್ಕಾ.

"ಸಾವ್ಕಾರ್ರ, ಹಂಗನ್ನಬ್ಯಾಡ್ರಿ. ಮೊದಲ ನೀವು ಪೂರಾ ಫೋಟೋನ ಕಳಿಸಿದ್ರಿ. ಹತ್ತ ನಿಮಿಷದ ಮ್ಯಾಲ ಅದನ್ನ ಅಳಿಸಿ, ಇದನ್ನ ಕಳಿಸಿದ್ರಿ. ಇದ ಹಚ್ಚರಿ, ಅದು ಬ್ಯಾಡ ಅಂದ್ರಿ. ಅಳಿಸಿದ್ದರ ಗುರುತು ನನ್ನ ಫೋನಿನ್ಯಾಗ ಇನ್ನೂ ಅದ."

ವಿಶಾಖಾ ಮಧ್ವೇಶರನ್ನೇ ನೋಡಿದಳು.

"ಅಂದ್ರ ನೀವೂ ಪೂರಾ ನೋಡಿದ್ರಿ."

"ಒಮ್ಮೆ ನೋಡಿದ್ದೆ. ಲಕ್ಷ್ಯ ಕೊಟ್ಟಿರಲಿಲ್ಲ..."

"ಎದುರಿನ ಹೊಸಾ ಕಾಂಪ್ಲೆಕ್ಸೂ ವಾಲಿದ್ದು ನೋಡಿದ್ರಿ. ನೋಡೀನೂ ಗೌಂಡಿ ಕಟ್ಟಿದ್ದ ಸೊಟ್ಟ ಅಂತ ಬರದಿರಿ. ಸಾವ್ಕಾರ್ರದು ವಾಲೂದಿಲ್ಲ, ನಮ್ಮದು ವಾಲ್ತದ. ಹೌದಿಲ್ರಿ?"

ಶ್ರೀಶೈಲರು ಕಟ್ಟೆಯಿಂದ ಇಳಿದು ಒಳಗೆ ಹೋಗಲು ಹೊರಟರು. ಸತ್ಯವ್ವ ಅಡ್ಡ ಬಂದಳು. ಮುಟ್ಟಲಿಲ್ಲ, ಕೂಗಲಿಲ್ಲ, ಸುಮ್ಮನೆ ಮುಂದೆ ನಿಂತಳು. ಅವಳ ಹಿಂದೆ ರೇಣವ್ವ, ರೇಣವ್ವನ ಹಿಂದೆ ಉಳಿದವರು. ಶ್ರೀಶೈಲರು ಮತ್ತೆ ಕಟ್ಟೆಯ ಮೇಲೆ ಕೂತರು.

ಶರ್ವರಿ ಸ್ಟೂಲಿನ ಮೇಲೆ ಕೂತು ಪಂಚನಾಮೆ ಬರೆದರು. ಗೋಡೆ ಅಳೆದ ಲೆಕ್ಕ, ಕಟ್ಟಡ ಸುಸ್ಥಿತಿಯಲ್ಲಿದೆ, ನೋಟೀಸು ಹಿಂದೆಗೆದುಕೊಳ್ಳಲು ಶಿಫಾರಸು. ಓದಿ ಹೇಳಿ, ಪೆನ್ನನ್ನು ವಿಶಾಖಾಳ ಕಡೆ ಚಾಚಿದರು.

"ನಾ ಸಹಿ ಮಾಡೂದಿಲ್ಲ," ಅಂದಳು ವಿಶಾಖಾ.

"ಯಾಕ್ರಿ? ನಿಮ್ಮ ಕಡೀನ ಆತಲ್ಲ?"

"ಕಟ್ಟಡ ಚಲೋ ಅದ ಅಂತಷ್ಟ ಬರದೀರಿ. ದೂರು ಹೆಂಗ ಬಂತು ಅಂತ ಬರದಿಲ್ಲ. ಪೂರಾ ಫೋಟೋ ಇದ್ದದ್ದು ಗೊತ್ತಿದ್ದೂ ಅರ್ಧಾ ಕತ್ತರಿಸಿ ಕೊಟ್ಟಾರ ಅಂತ ಬರೀರಿ. ಇಂಜಿನಿಯರು ಜಾಗಕ್ಕ ಬರದ, ಅಳೀದ ಪ್ರಮಾಣಪತ್ರ ಕೊಟ್ಟಾರ ಅಂತ ಬರೀರಿ. ಇಲ್ಲಂದ್ರ ಮುಂದಿನ ವರ್ಷ ಇನ್ನೊಂದ ಫೋಟೋ ಬರ್ತದ."

"ಮುಗದು ಹೋದದ್ದನ್ನ ಯಾಕ ಎಳೀತೀರಿ?" ಶ್ರೀಶೈಲರು ಕಟ್ಟೆಯಿಂದಲೇ ಅಂದರು. "ಒಂದ ಓಣಿಯವರು ನಾವು."

"ಒಂದ ಓಣಿಯವರು ಅನ್ನೂದು ಕತ್ತರಿಸುವಾಗ ನೆನಪಾಗಲಿಲ್ಲೇನ್ರಿ ಸಾವ್ಕಾರ್ರ?"

ಶರ್ವರಿ ಪೆನ್ನು ಹಿಡಿದು ಯೋಚಿಸಿದರು. ಮೇಲಿನವರನ್ನು ಕೇಳಬೇಕು ಅಂದರು. ಕೇಳ್ರಿ ಅಂದಳು ವಿಶಾಖಾ. ಶರ್ವರಿ ಓಣಿಯ ತುದಿಗೆ ಹೋಗಿ ಫೋನಿನಲ್ಲಿ ಮಾತಾಡಿದರು. ಅರ್ಧ ಗಂಟೆ ಹಿಡಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಯಾರೂ ಕದಲಲಿಲ್ಲ. ಹೆಣ್ಣುಮಕ್ಕಳು ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತೇ ಇದ್ದರು. ಅಜಿತ ಅಕ್ಕನಿಗೆ ನೀರು ತಂದುಕೊಟ್ಟ. ಕುಡಿದಳು, ತಂಬಿಗೆ ಅವನ ಕೈಗೆ ಕೊಟ್ಟಳು. ಅವನು ಅಲ್ಲೇ ಪಕ್ಕದಲ್ಲಿ ನಿಂತ. ಅವನನ್ನು ಬೈದದ್ದು ಜಾಸ್ತಿಯಾಯಿತು ಅಂತ ಅನ್ನಿಸಿತು.

ಶರ್ವರಿ ವಾಪಸು ಬಂದು ಕೂತು ಮತ್ತೆ ನಾಲ್ಕು ಸಾಲು ಬರೆದರು. ಜೋರಾಗಿ ಓದಿದರು. ಅದರಲ್ಲಿ ಶ್ರೀಶೈಲರ ಹೆಸರಿತ್ತು, ಮಧ್ವೇಶರ ಹೆಸರಿತ್ತು, ಕತ್ತರಿಸಿದ ಫೋಟೋ ಅನ್ನುವ ಮಾತಿತ್ತು. ಮಧ್ವೇಶರು ತಮ್ಮ ಪ್ರಮಾಣಪತ್ರ ಹಿಂದೆಗೆದುಕೊಂಡಿರುವುದಾಗಿ ಕೆಳಗೆ ಬರೆದು, ತಲೆ ಎತ್ತದೆ ಸಹಿ ಮಾಡಿದರು. ವಿಶಾಖಾ ಎರಡು ಸಲ ಓದಿ ತನ್ನದನ್ನು ಹಾಕಿದಳು. ಶ್ರೀಶೈಲರು ಸಹಿ ಹಾಕಲು ಒಪ್ಪಲಿಲ್ಲ. ಒಪ್ಪಲಿಲ್ಲ ಅಂತಲೇ ಶರ್ವರಿ ಬರೆದುಕೊಂಡರು.

ಮಂದಿ ಚದುರಿದರು. ಮಧ್ವೇಶರು ಬೈಕು ಹತ್ತುವ ಮೊದಲು ಸಾಬಣ್ಣನ ಹತ್ತಿರ ಬಂದು, "ತಪ್ಪಾತು ಯಜಮಾನ್ರ," ಅಂದರು. ಸಾಬಣ್ಣ ದಾರ ಸುತ್ತುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ಮೂರು ಫೂಟು," ಅಂದ. "ಅಷ್ಟ ಲೆಕ್ಕಾ ಹಾಕಿ ನೋಡಬೇಕಿತ್ತು ನೀವು."

ಒಳಗೆ ಯಂತ್ರಗಳು ಒಂದೊಂದಾಗಿ ಶುರುವಾದವು. ಸಾಬಣ್ಣ ಮಗಳ ಹತ್ತಿರ ಬಂದ.

"ಆ ಕಾಗದದಾಗ ಎಲ್ಲಾ ಬಂತಾ?"

"ಬಂತಪ್ಪಾ."

"ಅದು ಕಚೇರಿ ಫೈಲಿನಾಗ ಕೂಡ್ತೈತಿ. ಮಂದಿ ಫೋನಿನಾಗ ಇದ್ದದ್ದು?"

ಯಾವ ಲೆನ್ಸಿನಿಂದ ಹೊಡೆದರೂ ಅದನ್ನು ವಾಪಸು ತರಲು ಬರುವುದಿಲ್ಲ. ಮುಂದಿನ ವರ್ಷವೂ ಯಾರದೋ ಜಗಳದಲ್ಲಿ, ಯಾರದೋ ಚೇಷ್ಟೆಯಲ್ಲಿ, ಆ ಮುಖ ಬಂದೇ ಬರುತ್ತದೆ. "ಅದು ನನ್ನ ಕೈಯಾಗ ಇಲ್ಲಪ್ಪಾ," ಅಂದಳು, ಮತ್ತೆ ಸಿಟ್ಟು ಬಂದು ಕಣ್ಣಲ್ಲಿ ನೀರು ಆಡಿತು.

"ಇರ್ಲಿ. ನನ್ನ ಬಾಯಿ ನನ್ನ ಕೈಯಾಗ ಐತಲ್ಲ," ಅಂದ ಸಾಬಣ್ಣ. ಮುಖ ತೊಳೆದುಕೊಂಡ, ಅಂಗಿ ಬದಲಿಸಿದ. ಹತ್ತು ದಿನದ ಮೇಲೆ ಮೊದಲ ಸಲ ಇರ್ಫಾನನ ಚಾದ ಅಂಗಡಿಯ ಕಡೆ ನಡೆದ.

ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿಸಿತು. ಯಾರೋ ಏನೋ ಅಂದಿರಬೇಕು, ಅಥವಾ ಯಾರೂ ಏನೂ ಅಂದಿರಲಿಕ್ಕಿಲ್ಲ. ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. "ನಿನ್ನ ಮನಿ ಗ್ವಾಡಿ ಕಟ್ಟಿದಾಂವ ಯಾರಲೇ? ನಿನ್ನ ಅಡಗಿ ಮನಿ ಯಾರು ಕಟ್ಟಿದ್ರು? ಹೋಗು, ದಾರ ಬಿಟ್ಟು ನೋಡು, ಸೊಟ್ಟ ಇದ್ರ ಬಂದು ಹೇಳು!" ಸತ್ಯವ್ವ ಗಾಬರಿಯಾಗಿ ಯಂತ್ರ ಬಿಟ್ಟು ಎದ್ದಳು.

"ಬಿಡು ಅವ್ವಾ," ಅಂದಳು ವಿಶಾಖಾ. "ಮಾತಾಡ್ಲಿ."